ನಷ್ಟದ ಹಾದಿಯಲ್ಲಿರುವ ಸಣ್ಣ ಘಟಕದ ಪುನಶ್ಚೇತನ: ಹರಿಹರದ ಯಂತ್ರಗಾರಿಕೆ ಘಟಕವೊಂದರ ಲೆಕ್ಕದ ಮೂಲಕ ಒಂದು ಪಾಠ

ಪೀಠಿಕೆ

1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಹರಿಹರಕ್ಕೆ ಲೇತ್ ಯಂತ್ರಗಳ ಊರೆಂಬ ಹೆಸರು ತಂದಿತು. ಅದರ ಸುತ್ತ ಬಿಡಿಭಾಗ ತಯಾರಿಸುವ ಅನೇಕ ಸಣ್ಣ ಘಟಕಗಳು ಹುಟ್ಟಿಕೊಂಡವು. ಈ ಶತಮಾನದ ಆರಂಭದ ಹೊತ್ತಿಗೆ ಕಾರ್ಖಾನೆ ಮುಚ್ಚಿದಾಗ, ಅದೊಂದನ್ನೇ ನಂಬಿದ್ದ ಘಟಕಗಳಿಗೆ ಕೌಶಲವಿತ್ತು, ಯಂತ್ರವಿತ್ತು; ಖರೀದಿದಾರನಿರಲಿಲ್ಲ. ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ನಿಂತಾಗಲೂ ಅವುಗಳನ್ನು ಆಶ್ರಯಿಸಿದ್ದ ರಿಪೇರಿ ಕೆಲಸದವರು ಇದೇ ಸ್ಥಿತಿಯನ್ನು ಕಂಡರು.

ಇಂದಿನ ಸಣ್ಣ ಘಟಕಗಳ ಸಂಕಷ್ಟವು ಹೆಚ್ಚಾಗಿ ಇಷ್ಟು ದೊಡ್ಡ ಸದ್ದಿನೊಂದಿಗೆ ಬರುವುದಿಲ್ಲ. ಒಂದು ತಿಂಗಳ ಕಂತು ತಪ್ಪುತ್ತದೆ, ಕೈಗಡ ತಂದು ಸಂಬಳ ಕೊಡಲಾಗುತ್ತದೆ, ಸಾಮಗ್ರಿಯ ಅಂಗಡಿಯವರಿಗೆ ಮುಂದಿನ ವಾರದ ಮಾತು ಕೊಡಲಾಗುತ್ತದೆ. ಆ ಮಾತು ಎರಡನೆಯ ಬಾರಿ ತಪ್ಪಿದಾಗ ಉದ್ದರಿ ನಿಲ್ಲುತ್ತದೆ. ಉದ್ದರಿ ನಿಂತಾಗ ಯಂತ್ರ ನಿಲ್ಲುತ್ತದೆ. ಆದುದರಿಂದ ಪುನಶ್ಚೇತನ ಯೋಜನೆಯ ಮುಖ್ಯ ಸೂತ್ರ ಇಷ್ಟೇ: ಸಾಲದಾತರಿಗೆ ಕೊಡುವ ಮಾತು ಅವರ ಒತ್ತಾಯದಿಂದ ಹುಟ್ಟಬಾರದು, ಘಟಕದಲ್ಲಿ ನಿಜವಾಗಿ ಉಳಿಯುವ ಹಣದಿಂದ ಹುಟ್ಟಬೇಕು. ಈ ಪಾಠವು ಆ ಮೊತ್ತವನ್ನು ಕಂಡುಕೊಳ್ಳುವ ಕ್ರಮವನ್ನು ವಿವರಿಸುತ್ತದೆ.

ಇಲ್ಲಿ ಬರುವ ಘಟಕವು ಕಲಿಕೆಗಾಗಿ ರೂಪಿಸಿದ ಮಾದರಿ. ಅಂಕಿಗಳು ಲೆಕ್ಕದ ಕ್ರಮವನ್ನು ತಿಳಿಸಲು ಮಾತ್ರ. ಪ್ರತಿ ಘಟಕವೂ ತನ್ನ ಅಂಕಿಗಳನ್ನು ಇಟ್ಟುಕೊಂಡು ಇದೇ ಕ್ರಮವನ್ನು ಅನುಸರಿಸಬಹುದು.

1. ಮೊದಲ ವಾರ: ಇರುವ ಸ್ಥಿತಿಯ ಲೆಕ್ಕ

ಘಟಕವು ಹರಿಹರದಲ್ಲಿದೆ. ಐದು ಯಂತ್ರಗಳು ನಡೆಯುತ್ತಿವೆ, ಒಂದು ಹಳೆಯ ಲೇತ್ ಕೆಲಸವಿಲ್ಲದೆ ನಿಂತಿದೆ. ಒಂಬತ್ತು ಮಂದಿ ಕೆಲಸಗಾರರಿದ್ದಾರೆ. ತಿಂಗಳಿಗೆ ಜಿಎಸ್‌ಟಿ ಹೊರತುಪಡಿಸಿ 6,00,000 ರೂಪಾಯಿಯ ವ್ಯಾಪಾರವಿದೆ. ಸಾಮಗ್ರಿ, ಕೂಲಿ, ವಿದ್ಯುತ್, ಬಾಡಿಗೆ ಮುಂತಾದ ಎಲ್ಲ ಖರ್ಚು ಸೇರಿ 5,40,000 ರೂಪಾಯಿ ಆಗುತ್ತದೆ. ಅಂದರೆ ಘಟಕವು ತನ್ನ ಕೆಲಸದಿಂದ ತಿಂಗಳಿಗೆ 60,000 ರೂಪಾಯಿ ಗಳಿಸುತ್ತಿದೆ. ಇದನ್ನು ಮೊದಲು ಗಮನಿಸಬೇಕು. ಈ ಅಂಕಿಯೇ ಶೂನ್ಯಕ್ಕಿಂತ ಕೆಳಗಿದ್ದರೆ ಸಾಲದ ಕಂತನ್ನು ಎಷ್ಟು ಮುಂದೂಡಿದರೂ ಘಟಕ ಉಳಿಯುವುದಿಲ್ಲ. ಮೊದಲು ಕೆಲಸದ ಬೆಲೆ ಅಥವಾ ಖರ್ಚು ಬದಲಾಗಬೇಕು.

ಈ 60,000 ರೂಪಾಯಿಯ ಮೇಲೆ ಬೀಳುವ ಭಾರ ಹೀಗಿದೆ: ಅವಧಿ ಸಾಲದ ಕಂತು 42,000, ಕ್ಯಾಶ್ ಕ್ರೆಡಿಟ್ ಖಾತೆಯ ಬಡ್ಡಿ 14,000, ಎರಡು ಲಕ್ಷ ರೂಪಾಯಿಯ ಕೈಗಡಕ್ಕೆ ತಿಂಗಳಿಗೆ ಶೇಕಡಾ 3ರಂತೆ ಬಡ್ಡಿ 6,000, ಮಾಲೀಕರ ಮನೆಖರ್ಚು 30,000. ಒಟ್ಟು 92,000 ರೂಪಾಯಿ. ಪ್ರತಿ ತಿಂಗಳು 32,000 ರೂಪಾಯಿ ಕೊರತೆ ಬೀಳುತ್ತದೆ, ಮತ್ತು ಆ ಕೊರತೆಯು ಯಾರದಾದರೂ ಬಾಕಿಯ ರೂಪದಲ್ಲಿ ಬೆಳೆಯುತ್ತಾ ಹೋಗುತ್ತದೆ. ಹೀಗೆ ಬೆಳೆದ ಬಾಕಿ: ಸಾಮಗ್ರಿ ಕೊಟ್ಟವರಿಗೆ 5,40,000, ಕೆಲಸಗಾರರಿಗೆ 50,000, ಜಿಎಸ್‌ಟಿ 38,000, ಬ್ಯಾಂಕಿನ ಎರಡು ಕಂತು 84,000. ಮೊದಲ ಕಂತು ತಪ್ಪಿ 47 ದಿನಗಳಾಗಿವೆ.

ಇನ್ನೊಂದು ಕಡೆ, ಘಟಕಕ್ಕೆ ಇತರರಿಂದ ಬರಬೇಕಾದ ಹಣವೂ ಇದೆ. ಮುಖ್ಯ ಖರೀದಿದಾರರೊಬ್ಬರಿಂದಲೇ 45 ದಿನ ಮೀರಿದ 4,60,000 ರೂಪಾಯಿ ಬರಬೇಕಾಗಿದೆ. ಸಾಮಗ್ರಿಯವರ ಮುಂದೆ ಘಟಕ ತಲೆ ತಗ್ಗಿಸುತ್ತಿರುವುದಕ್ಕೆ ಬಹುಮಟ್ಟಿಗೆ ಈ ಹಣವೇ ಕಾರಣ.

2. ಖರ್ಚು ಕಡಿತಕ್ಕೆ ಮುನ್ನ: ಯಂತ್ರದ ಗಂಟೆಗೆ ಏನು ಉಳಿಯುತ್ತದೆ

ಸಂಕಷ್ಟದಲ್ಲಿರುವ ಮಾಲೀಕರು ಮೊದಲು ಕೈಹಾಕುವುದು ಕೂಲಿಗೆ. ಆದರೆ ಯಾವ ಕೆಲಸದಿಂದ ಹಣ ಉಳಿಯುತ್ತಿದೆ ಎಂಬುದು ತಿಳಿಯದೆ ಮಾಡಿದ ಕಡಿತವು ಹಣ ತರುವ ಕೈಯನ್ನೇ ಕಡಿದುಹಾಕಬಹುದು. ಯಂತ್ರಗಾರಿಕೆ ಘಟಕದಲ್ಲಿ ಮಾರಾಟಕ್ಕಿರುವ ನಿಜವಾದ ವಸ್ತು ಯಂತ್ರದ ಸಮಯ. ಆದುದರಿಂದ ಪ್ರತಿ ಬಗೆಯ ಕೆಲಸದ ಬಿಲ್ಲಿನಿಂದ ಆ ಕೆಲಸಕ್ಕೇ ತಗುಲುವ ಸಾಮಗ್ರಿ, ಟೂಲ್ ಮತ್ತು ಸಾಗಣೆಯ ಖರ್ಚನ್ನು ಕಳೆದು, ಉಳಿದುದನ್ನು ಅದು ತೆಗೆದುಕೊಂಡ ಗಂಟೆಗಳಿಂದ ಭಾಗಿಸಬೇಕು. ಮಾದರಿ ಘಟಕದ ಒಂದು ತಿಂಗಳ ಲೆಕ್ಕ ಇಲ್ಲಿದೆ.

| ಕೆಲಸ | ಬಿಲ್ (ರೂ.) | ನೇರ ಖರ್ಚು (ರೂ.) | ಉಳಿಕೆ (ರೂ.) | ಗಂಟೆ | ಗಂಟೆಗೆ ಉಳಿಕೆ (ರೂ.) |
|---|---|---|---|---|---|
| ಮುಖ್ಯ ಖರೀದಿದಾರರ ಬಿಡಿಭಾಗ | 2,00,000 | 1,68,000 | 32,000 | 200 | 160 |
| ಇತರರ ಬಿಡಿಭಾಗ | 1,60,000 | 92,000 | 68,000 | 180 | 378 |
| ಜಾಬ್ ವರ್ಕ್ | 2,40,000 | 19,000 | 2,21,000 | 520 | 425 |
| ಒಟ್ಟು | 6,00,000 | 2,79,000 | 3,21,000 | 900 | |

ಕೂಲಿ, ವಿದ್ಯುತ್, ಬಾಡಿಗೆ ಮತ್ತು ಇತರ ಸ್ಥಿರ ಖರ್ಚು ತಿಂಗಳಿಗೆ 2,61,000 ರೂಪಾಯಿ. ಅದನ್ನು 900 ಗಂಟೆಗೆ ಹಂಚಿದರೆ ಗಂಟೆಗೆ 290 ರೂಪಾಯಿ ಬೀಳುತ್ತದೆ. ಮುಖ್ಯ ಖರೀದಿದಾರರ ಕೆಲಸವು ಬಿಲ್ಲಿನಲ್ಲಿ ದೊಡ್ಡದಾಗಿ ಕಂಡರೂ ಗಂಟೆಗೆ 160 ರೂಪಾಯಿ ಮಾತ್ರ ಉಳಿಸುತ್ತಿದೆ. ಅದಕ್ಕಾಗಿ ಸಾಮಗ್ರಿಯನ್ನು ಘಟಕವೇ ಉದ್ದರಿಯಲ್ಲಿ ತರಬೇಕು, ಹಣವನ್ನೂ ತಡವಾಗಿ ಪಡೆಯಬೇಕು. ಘಟಕದ ಬಾಕಿ ಬೆಳೆದಿರುವುದು ಈ ಒಂದು ಕೆಲಸದಿಂದ.

ಹಾಗೆಂದು ಈ ಕೆಲಸವನ್ನು ತಕ್ಷಣ ಬಿಟ್ಟುಬಿಡುವುದೂ ತಪ್ಪು. ಬೇರೆ ಕೆಲಸ ಕೈಯಲ್ಲಿಲ್ಲದೆ ಬಿಟ್ಟರೆ 32,000 ರೂಪಾಯಿ ಹೋಗುತ್ತದೆ, ಬಾಡಿಗೆ ಮತ್ತು ಕೂಲಿ ಹಾಗೆಯೇ ಉಳಿಯುತ್ತವೆ. 60,000 ರೂಪಾಯಿಯ ಗಳಿಕೆ 28,000ಕ್ಕೆ ಇಳಿಯುತ್ತದೆ. ಸರಿಯಾದ ದಾರಿ ಎರಡು ಹಂತದ್ದು. ಮೊದಲು, ಸಾಮಗ್ರಿಯನ್ನು ಖರೀದಿದಾರರೇ ಒದಗಿಸಿ ಘಟಕಕ್ಕೆ ಯಂತ್ರಗಾರಿಕೆಯ ಕೂಲಿಯನ್ನು ಮಾತ್ರ ಕೊಡುವಂತೆ ಒಪ್ಪಂದ ಬದಲಿಸಿಕೊಳ್ಳಬೇಕು. 200 ಗಂಟೆಗೆ 62,000 ರೂಪಾಯಿ ಕೂಲಿ ದೊರೆತರೆ, ಟೂಲ್ ಮತ್ತು ಸಾಗಣೆಯ 20,000 ಕಳೆದು 42,000 ಉಳಿಯುತ್ತದೆ. ಗಂಟೆಗೆ 210 ರೂಪಾಯಿ. ಲಾಭದ ಹೆಚ್ಚಳ ಸಣ್ಣದು. ಆದರೆ ತಿಂಗಳಿಗೆ 1,48,000 ರೂಪಾಯಿಯ ಸಾಮಗ್ರಿಯನ್ನು ಉದ್ದರಿ ತರುವ ಹೊರೆ ತಪ್ಪುತ್ತದೆ. ಎರಡನೆಯದಾಗಿ, ನಾಲ್ಕನೆಯ ತಿಂಗಳ ಹೊತ್ತಿಗೆ ಈ 200 ಗಂಟೆಗಳಲ್ಲಿ 80 ಗಂಟೆಯನ್ನು ದಾವಣಗೆರೆ, ಹರಿಹರ ಹಾಗೂ ನದಿಯಾಚೆಯ ಕುಮಾರಪಟ್ಟಣದ ಕಾರ್ಖಾನೆಗಳ ರಿಪೇರಿ ಮತ್ತು ಜಾಬ್ ವರ್ಕ್‌ಗೆ ತಿರುಗಿಸಬೇಕು. 120 ಗಂಟೆಗೆ 210ರಂತೆ 25,200, 80 ಗಂಟೆಗೆ 425ರಂತೆ 34,000. ಒಟ್ಟು 59,200 ರೂಪಾಯಿ. ಅದೇ ಗಂಟೆಗಳಿಂದ ತಿಂಗಳಿಗೆ 27,200 ರೂಪಾಯಿ ಹೆಚ್ಚುವರಿ ದೊರೆಯುತ್ತದೆ.

ಸಾಮಗ್ರಿಯು ಖರೀದಿದಾರರದಾದಾಗ ಹೊಸದೊಂದು ಎಚ್ಚರ ಬೇಕು. ಬಂದ ಕಬ್ಬಿಣ, ಹೋದ ಬಿಡಿಭಾಗ, ಉಳಿದ ಚೂರು, ಕೆಟ್ಟ ತುಂಡು ಇವುಗಳ ತೂಕವನ್ನು ಚಲನ್‌ವಾರು ಬರೆದಿಡಬೇಕು. ಬರೆದಿಡದಿದ್ದರೆ ವರ್ಷಾಂತ್ಯದಲ್ಲಿ ಸಾಮಗ್ರಿ ಕೊರತೆಯ ಹೆಸರಿನಲ್ಲಿ ಬಿಲ್ಲಿನ ಹಣ ಮುರಿದುಹೋಗುತ್ತದೆ.

3. ಎಲ್ಲಿ ಕಡಿತ, ಎಲ್ಲಿ ಅಲ್ಲ

ಮಾದರಿ ಘಟಕದ ಕಡಿತ ನಾಲ್ಕೇ ಬಾಬಿನದು. ಮೊದಲನೆಯದು ವಿದ್ಯುತ್. ಬೆಸ್ಕಾಂ ಬಿಲ್ಲಿನಲ್ಲಿ ಬಳಸಿದ ಯೂನಿಟ್ಟಿನ ಶುಲ್ಕವಲ್ಲದೆ ಮಂಜೂರಾದ ಲೋಡಿನ ಮೇಲೆ ನಿಗದಿತ ಶುಲ್ಕವೂ ಇರುತ್ತದೆ. ಹಿಂದೆ ಹೆಚ್ಚು ಯಂತ್ರಗಳಿದ್ದಾಗ ಪಡೆದ ಲೋಡ್ ಈಗ ಅನಗತ್ಯವಾಗಿದ್ದರೆ ಅದನ್ನು ಕಡಿಮೆ ಮಾಡಲು ಅರ್ಜಿ ಕೊಡಬಹುದು. ಪವರ್ ಫ್ಯಾಕ್ಟರ್ ಕುಸಿದಿರುವುದಕ್ಕೆ ಬಿಲ್ಲಿನಲ್ಲಿ ದಂಡ ಬೀಳುತ್ತಿದ್ದರೆ ಕೆಪಾಸಿಟರ್ ಕೆಟ್ಟಿದೆಯೇ ಎಂದು ನೋಡಬೇಕು. ಕೆಲಸ ಮುಗಿದ ಮೇಲೆ, ಶೆಡ್ ನಿಶ್ಶಬ್ದವಾಗಿರುವಾಗ ಕಂಪ್ರೆಸರ್ ಪೈಪಿನ ಬಳಿ ನಿಂತರೆ ಗಾಳಿ ಸೋರುವ ಸದ್ದು ಕೇಳುತ್ತದೆ. ಅದು ದಿನವಿಡೀ ಸೋರುವ ಹಣ. ಈ ಮೂರರಿಂದ ತಿಂಗಳಿಗೆ 8,000 ರೂಪಾಯಿ ಉಳಿಯುತ್ತದೆಂದು ಎಣಿಸಲಾಗಿದೆ.

ಎರಡನೆಯದು, ಹಳೆಯ ಸಾಮಾನು ತುಂಬಿದ ಎರಡನೆಯ ಶೆಡ್ಡನ್ನು ಬಿಟ್ಟುಕೊಡುವುದು, ಉಳಿತಾಯ 10,000. ಮೂರನೆಯದು, ತಾನಾಗಿ ಕೆಲಸ ಬಿಟ್ಟ ಸಹಾಯಕರೊಬ್ಬರ ಜಾಗವನ್ನು ತುಂಬದಿರುವುದು, ಉಳಿತಾಯ 12,000. ಈ ಮೂರರಿಂದ ಸ್ಥಿರ ಖರ್ಚು 2,31,000ಕ್ಕೆ ಇಳಿಯುತ್ತದೆ, ಗಳಿಕೆ 90,000ಕ್ಕೆ ಏರುತ್ತದೆ. ನಾಲ್ಕನೆಯದಾಗಿ ಮಾಲೀಕರ ಮನೆಖರ್ಚು 30,000ದಿಂದ 22,000ಕ್ಕೆ ಇಳಿಯುತ್ತದೆ. ಇದನ್ನು ಶೂನ್ಯವೆಂದು ಬರೆಯುವ ಯೋಜನೆಗಳು ಉಳಿಯುವುದಿಲ್ಲ. ಮನೆಗೆ ಹಣ ಬೇಕೇ ಬೇಕು. ಯೋಜನೆಯಲ್ಲಿ ಬರೆಯದ ಹಣ ಗಲ್ಲಾದಿಂದ ಹೇಳದೆ ಹೋಗುತ್ತದೆ.

ಕಡಿತ ಮಾಡಬಾರದ ಬಾಬುಗಳೂ ಇವೆ. ನುರಿತ ಟರ್ನರ್ ಒಬ್ಬರನ್ನು ಕಳೆದುಕೊಂಡರೆ ಒಂದು ಯಂತ್ರದ ಗಂಟೆಗಳೇ ಹೋಗುತ್ತವೆ. ಅಗ್ಗದ ಟೂಲ್ ತಂದರೆ ತಿರಸ್ಕೃತವಾಗುವ ಭಾಗಗಳು ಹೆಚ್ಚುತ್ತವೆ. ಯಂತ್ರದ ಎಣ್ಣೆ, ಬೇರಿಂಗ್ ಇವನ್ನು ಮುಂದೂಡಿದರೆ ನಾಲ್ಕನೆಯ ತಿಂಗಳಲ್ಲಿ, ಯೋಜನೆಗೆ ಹೆಚ್ಚು ಗಂಟೆಗಳು ಬೇಕಾದ ಹೊತ್ತಿನಲ್ಲೇ, ಯಂತ್ರ ನಿಲ್ಲುತ್ತದೆ.

4. ಬ್ಯಾಂಕಿನ ಮುಂದೆ: ತೊಂಬತ್ತು ದಿನದ ಒಳಗೆ

ಕಂತು ತಪ್ಪಿದ ಖಾತೆಯನ್ನು ಬ್ಯಾಂಕುಗಳು ಮೂರು ಹಂತದಲ್ಲಿ ಗುರುತಿಸುತ್ತವೆ. 30 ದಿನದವರೆಗೆ ಎಸ್‌ಎಂಎ-0, 31ರಿಂದ 60 ದಿನ ಎಸ್‌ಎಂಎ-1, 61ರಿಂದ 90 ದಿನ ಎಸ್‌ಎಂಎ-2. 90 ದಿನ ಮೀರಿದರೆ ಖಾತೆಯು ಎನ್‌ಪಿಎ ಆಗುತ್ತದೆ. ಈ ಎಣಿಕೆಯು ಅತ್ಯಂತ ಹಳೆಯ ಬಾಕಿಯ ದಿನದಿಂದ ನಡೆಯುತ್ತದೆ ಎಂಬುದನ್ನು ಅನೇಕ ಮಾಲೀಕರು ಅರಿತಿರುವುದಿಲ್ಲ. ಮಾದರಿ ಘಟಕವು ಅರವತ್ತನೆಯ ದಿನದ ಒಳಗೆ ಹಳೆಯ ಒಂದು ಕಂತನ್ನು ಪೂರ್ಣವಾಗಿ ಕಟ್ಟಿದರೆ, ಎಣಿಕೆಯು ಎರಡನೆಯ ಕಂತಿನ ದಿನಕ್ಕೆ ಸರಿಯುತ್ತದೆ. ಖಾತೆಯು ಮತ್ತೆ ಸುಮಾರು 30 ದಿನದ ಹಂತಕ್ಕೆ ಬರುತ್ತದೆ. ಆದರೆ ಎನ್‌ಪಿಎ ಆದ ಮೇಲೆ ಈ ದಾರಿ ಇಲ್ಲ. ಆಗ ಬಾಕಿಯಿರುವ ಅಸಲು ಕಂತು ಮತ್ತು ಬಡ್ಡಿ ಎಲ್ಲವನ್ನೂ ತೀರಿಸಿದರೆ ಮಾತ್ರ ಖಾತೆ ಸುಸ್ಥಿತಿಗೆ ಮರಳುತ್ತದೆ. ತೊಂಬತ್ತನೆಯ ದಿನಕ್ಕೆ ಮುನ್ನ 42,000 ರೂಪಾಯಿ ಮಾಡುವ ಕೆಲಸವನ್ನು, ಅದು ಕಳೆದ ಮೇಲೆ ಅದರ ಹಲವು ಪಟ್ಟು ಹಣ ಮಾಡಬೇಕಾಗುತ್ತದೆ.

ಕ್ಯಾಶ್ ಕ್ರೆಡಿಟ್ ಖಾತೆಗೆ ಬೇರೆ ನಿಯಮವಿದೆ. ಅದರಲ್ಲಿ ಕಂತಿಲ್ಲ. ಬಾಕಿಯು ಸತತ 90 ದಿನ ಮಿತಿಯನ್ನು ಮೀರಿ ನಿಂತರೆ, ಅಥವಾ ಆ ಅವಧಿಯಲ್ಲಿ ಜಮೆಯಾದ ಹಣವು ಬಡ್ಡಿಗೂ ಸಾಲದಿದ್ದರೆ, ಅದೂ ಎನ್‌ಪಿಎ ಆಗುತ್ತದೆ. ಬ್ಯಾಂಕು ಹಣ ಹಿಡಿದುಕೊಳ್ಳುತ್ತದೆಂಬ ಭಯದಿಂದ ವ್ಯಾಪಾರದ ಹಣವನ್ನು ಬೇರೊಂದು ಖಾತೆಗೆ ತಿರುಗಿಸುವುದು ಈ ಅಪಾಯವನ್ನು ಮಾಲೀಕರೇ ಕರೆದಂತೆ. ಬ್ಯಾಂಕಿನ ನಂಬಿಕೆ ಮುರಿಯುವುದೂ ಅಲ್ಲಿಯೇ.

ಬ್ಯಾಂಕನ್ನು ಕೇಳುವುದಕ್ಕೆ ಘಟಕಕ್ಕೆ ಆಧಾರವಿದೆ. 2015ರ ಮೇ 29ರ ಕೇಂದ್ರ ಸರ್ಕಾರದ ಅಧಿಸೂಚನೆ ಮತ್ತು 2016ರ ಮಾರ್ಚ್ 17ರ ರಿಸರ್ವ್ ಬ್ಯಾಂಕ್ ನಿರ್ದೇಶನದ ಪ್ರಕಾರ, 25 ಕೋಟಿ ರೂಪಾಯಿವರೆಗಿನ ಸಾಲವಿರುವ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಪುನಶ್ಚೇತನಕ್ಕೆ ಒಂದು ಚೌಕಟ್ಟಿದೆ. ಸಂಕಷ್ಟ ಕಂಡ ಘಟಕವು ತಾನಾಗಿಯೇ ಅರ್ಜಿ ಸಲ್ಲಿಸಬಹುದು. 10 ಲಕ್ಷ ರೂಪಾಯಿ ಮೀರಿದ ಖಾತೆಗಳನ್ನು ಶಾಖೆಯು ಇದಕ್ಕಾಗಿ ರಚಿಸಿದ ಸಮಿತಿಗೆ ಕಳುಹಿಸಬೇಕು. ಅದಕ್ಕಿಂತ ಕಡಿಮೆಯವನ್ನು ಶಾಖೆಯ ಮಟ್ಟದಲ್ಲೇ ಪರಿಶೀಲಿಸಲಾಗುತ್ತದೆ. ಸಮಿತಿಯ ಮುಂದೆ ಮೂರು ದಾರಿಗಳಿವೆ: ಸರಿಪಡಿಸುವಿಕೆ, ಪುನರ್‌ರಚನೆ, ವಸೂಲಿ.

ಮೊದಲ ಎರಡರ ವ್ಯತ್ಯಾಸ ತಿಳಿದಿರಬೇಕು. ಸರಿಪಡಿಸುವಿಕೆಯಲ್ಲಿ ಸಾಲದ ಷರತ್ತುಗಳು ಬದಲಾಗುವುದಿಲ್ಲ. ಯಾವ ಹಣದಿಂದ, ಯಾವ ದಿನದೊಳಗೆ ಬಾಕಿ ತೀರುತ್ತದೆಂಬ ಖಚಿತ ಬದ್ಧತೆಯನ್ನು ಘಟಕ ನೀಡುತ್ತದೆ. ಪುನರ್‌ರಚನೆಯಲ್ಲಿ ಕಂತಿನ ಮೊತ್ತ ಮತ್ತು ಅವಧಿಯೇ ಬದಲಾಗುತ್ತವೆ. ಇದರಿಂದ ಕಂತು ಹಗುರವಾದರೂ ಖಾತೆಯ ದರ್ಜೆ ಕುಸಿಯಬಹುದು, ಮುಂದಿನ ಸಾಲ ಕಷ್ಟವಾಗಬಹುದು. ಆದುದರಿಂದ ಹಣದ ಲೆಕ್ಕ ಹೊಂದುವುದಾದರೆ ಮೊದಲನೆಯದನ್ನೇ ಕೇಳುವುದು ಲೇಸು. ಮಾದರಿ ಘಟಕಕ್ಕೆ ಅದು ಸಾಧ್ಯವಿದೆ.

ನಿಂತಿರುವ ಹಳೆಯ ಲೇತ್‌ಗೆ 2,10,000 ರೂಪಾಯಿ ಬೆಲೆ ಬರುತ್ತದೆ. ಅದನ್ನು ಸ್ವಂತ ಹಣದಿಂದ ಕೊಂಡಿದ್ದರೂ ಬ್ಯಾಂಕಿನ ಅಡಮಾನ ಪತ್ರದಲ್ಲಿ ‘ಎಲ್ಲ ಯಂತ್ರಗಳು’ ಎಂದಿರುತ್ತದೆ. ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮಾರಿದರೆ ಅದು ಅಪರಾಧದ ಆರೋಪಕ್ಕೂ ದಾರಿಯಾಗಬಹುದು. ಒಪ್ಪಿಗೆಯ ಅರ್ಜಿಯಲ್ಲೇ ಹಣದ ಹಂಚಿಕೆಯನ್ನು ಬರೆಯಬೇಕು: 42,000 ಎರಡನೆಯ ಬಾಕಿ ಕಂತಿಗೆ, 1,68,000 ಕೈಗಡಕ್ಕೆ. ಕೈಗಡ ತೀರಿದರೆ ಬ್ಯಾಂಕಿನ ಕಂತಿಗೇ ಹಣ ಉಳಿಯುತ್ತದೆಂಬ ಲೆಕ್ಕವನ್ನು ಜೊತೆಗಿಟ್ಟರೆ ಒಪ್ಪಿಗೆಗೆ ಕಾರಣ ಸಿಗುತ್ತದೆ. ಹೆಚ್ಚು ಭಾಗ ತನಗೇ ಬೇಕೆಂದು ಬ್ಯಾಂಕು ಕೇಳಬಹುದು. ಆಗ ಕೈಗಡ ತೀರುವ ತಿಂಗಳನ್ನು ಯೋಜನೆಯಲ್ಲಿ ಮುಂದಕ್ಕೆ ಹಾಕಬೇಕು. ಸಾಮಗ್ರಿಯ ಖರೀದಿ ಇಳಿಯುವುದರಿಂದ ಸ್ಟಾಕ್ ಮತ್ತು ವ್ಯಾಪಾರದ ಅಂಕಿಗಳೂ ಇಳಿಯುತ್ತವೆ ಎಂಬುದನ್ನು ಇದೇ ಅರ್ಜಿಯಲ್ಲಿ ತಿಳಿಸಬೇಕು. ಇಲ್ಲದಿದ್ದರೆ ಬ್ಯಾಂಕು ಅದನ್ನು ವ್ಯಾಪಾರದ ಕುಸಿತವೆಂದು ತಿಳಿದು ಖಾತೆಯ ಮಿತಿಯನ್ನು ಇಳಿಸಬಹುದು.

5. ಬರಬೇಕಾದ ಹಣ

2006ರ ಎಂಎಸ್‌ಎಂಇಡಿ ಕಾಯಿದೆಯ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಘಟಕದಿಂದ ಸರಕು ಪಡೆದವರು ಒಪ್ಪಂದದ ದಿನದೊಳಗೆ, ಎಷ್ಟೇ ಆದರೂ 45 ದಿನ ಮೀರದಂತೆ ಹಣ ಕೊಡಬೇಕು. ಲಿಖಿತ ಒಪ್ಪಂದವಿಲ್ಲದಿದ್ದರೆ ಅವಧಿ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕಾಗುತ್ತದೆ. ಸಾಲದೆಂಬಂತೆ, 2023-24ರ ಆರ್ಥಿಕ ವರ್ಷದಿಂದ ಈ ಅವಧಿಯೊಳಗೆ ಕೊಡದ ಹಣವನ್ನು, ಅದನ್ನು ನಿಜವಾಗಿ ಕೊಡುವ ವರ್ಷದವರೆಗೆ, ಖರೀದಿದಾರರು ಆದಾಯ ತೆರಿಗೆಯ ಲೆಕ್ಕದಲ್ಲಿ ಖರ್ಚೆಂದು ತೋರಿಸುವಂತಿಲ್ಲ. ಈ ರಕ್ಷಣೆ ಬೇಕಾದರೆ ಸರಕು ಕೊಡುವ ಹೊತ್ತಿಗೇ ಉದ್ಯಮ್ ನೋಂದಣಿ ಆಗಿರಬೇಕು, ಬಿಲ್ಲಿನ ಮೇಲೆ ಅದರ ಸಂಖ್ಯೆ ಇರಬೇಕು.

ಬಾಕಿ ವಸೂಲಿಗಾಗಿ ರಾಜ್ಯದ ಸೌಲಭ್ಯ ಮಂಡಳಿಗೆ ಆನ್‌ಲೈನ್ ಮೂಲಕ ದೂರು ಸಲ್ಲಿಸಬಹುದು. ಮಂಡಳಿಯ ತೀರ್ಪನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಯಸುವ ಖರೀದಿದಾರರು ತೀರ್ಪಿನ ಮೊತ್ತದ ಶೇಕಡಾ 75ರಷ್ಟನ್ನು ಮೊದಲು ಠೇವಣಿ ಇಡಬೇಕು. ಆದರೆ ದೂರು ದಾಖಲಾದ ಮೇಲೆ ಆ ಖರೀದಿದಾರರಿಂದ ಹೊಸ ಕೆಲಸ ಬರುವುದು ಅನುಮಾನ. ಆದುದರಿಂದ ಮೊದಲ ಹೆಜ್ಜೆ ಪತ್ರ. ಬಿಲ್ಲುಗಳ ಪಟ್ಟಿ, ಪ್ರತಿ ಬಿಲ್ಲಿನ ವಯಸ್ಸು, ಕಾನೂನಿನ ಅವಧಿ ಇಷ್ಟನ್ನು ಬರೆದು, ಅಂಗಡಿಯ ಗುಮಾಸ್ತರಿಗಲ್ಲದೆ ಖರೀದಿದಾರರ ಲೆಕ್ಕಪತ್ರ ವಿಭಾಗಕ್ಕೇ ಕಳುಹಿಸಬೇಕು. ಸಾಮಗ್ರಿಯನ್ನು ಅವರೇ ಒದಗಿಸುವ ಹೊಸ ವ್ಯವಸ್ಥೆಯ ಪ್ರಸ್ತಾಪವನ್ನೂ ಇದೇ ಮಾತುಕತೆಯಲ್ಲಿ ಇಡಬಹುದು. ಮಾದರಿ ಯೋಜನೆಯು 4,60,000ದಲ್ಲಿ ಮೊದಲ ತಿಂಗಳು 2,00,000, ಮೂರನೆಯ ತಿಂಗಳು 1,00,000 ಬರುತ್ತದೆಂದು ಮಾತ್ರ ಎಣಿಸುತ್ತದೆ. ಉಳಿದ 1,60,000ವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಬಂದಾಗ ಸಾಲ ಬೇಗ ತೀರುತ್ತದೆ.

6. ಸಾಮಗ್ರಿಯವರೊಂದಿಗೆ ಮಾತುಕತೆ

ಮೊದಲ ತಿಂಗಳು ಬಂದ 2,00,000 ರೂಪಾಯಿಯ ಹಂಚಿಕೆಯಲ್ಲಿ ಒಂದು ಕ್ರಮವಿದೆ. ಹಳೆಯ ಕಂತು 42,000, ಏಕೆಂದರೆ ದಿನಗಳ ಎಣಿಕೆ ನಡೆಯುತ್ತಿದೆ. ಕೆಲಸಗಾರರ ಬಾಕಿ 50,000, ಏಕೆಂದರೆ ಅವರಿಲ್ಲದೆ ಯಂತ್ರವಿಲ್ಲ. ಜಿಎಸ್‌ಟಿ 38,000, ಏಕೆಂದರೆ ಅದು ಘಟಕದ ಹಣವಲ್ಲ. ಆ ತಿಂಗಳ ಚಾಲ್ತಿ ಕೊರತೆಗೆ 24,000. ಸಾಮಗ್ರಿಯವರಿಗೆ ಉಳಿಯುವುದು 46,000. ಮೂರನೆಯ ತಿಂಗಳ 1,00,000ದಲ್ಲಿ ಕೈಗಡದ ಉಳಿಕೆ 32,000 ತೀರಿಸಿ, ಸಾಮಗ್ರಿಯವರಿಗೆ 68,000 ಸಲ್ಲುತ್ತದೆ. ಆಗ ಅವರ ಬಾಕಿ 4,26,000ಕ್ಕೆ ಇಳಿದಿರುತ್ತದೆ.

ನಾಲ್ಕನೆಯ ತಿಂಗಳಿಂದ ಘಟಕದ ಗಳಿಕೆ 1,17,200 ರೂಪಾಯಿ. ಕಂತು, ಬಡ್ಡಿ, ಮನೆಖರ್ಚು ಸೇರಿ 78,000 ಕಳೆದರೆ 39,200 ಉಳಿಯುತ್ತದೆ. ಸಾಮಗ್ರಿಯವರೆಲ್ಲರಿಗೂ ಸೇರಿ ಕೊಡಬೇಕಾದ ಮಾತು ತಿಂಗಳಿಗೆ 30,000 ಮಾತ್ರ. ಉಳಿದ 9,200 ರೂಪಾಯಿ ಯಂತ್ರ ಕೆಟ್ಟ ತಿಂಗಳಿಗೆ, ಬಿಲ್ ತಡವಾದ ವಾರಕ್ಕೆ. ಬಾಕಿ ತೀರಲು ಹದಿನೈದು ತಿಂಗಳು ಬೇಕು. ತಿಂಗಳಿಗೆ ಐವತ್ತು ಸಾವಿರ ಬೇಕೆಂದು ಅವರು ಕೇಳುತ್ತಾರೆ. ಒಪ್ಪಿಕೊಂಡರೆ ಅಂದಿನ ಜಗಳ ಮುಗಿಯುತ್ತದೆ, ಕೆಲವೇ ತಿಂಗಳಲ್ಲಿ ಮಾತು ತಪ್ಪುತ್ತದೆ, ಆ ಬಳಿಕ 30,000ದ ಮಾತನ್ನೂ ಯಾರೂ ನಂಬುವುದಿಲ್ಲ.

ಮಾತುಕತೆಯಲ್ಲಿ ಮೂರು ಸಂಗತಿಗಳನ್ನು ಬರೆದುಕೊಳ್ಳಬೇಕು. ಹಳೆಯ ಬಾಕಿ ಇಷ್ಟೇ ಎಂದು ಎರಡೂ ಕಡೆಯ ಸಹಿಯೊಂದಿಗೆ ನಿಲ್ಲಿಸಬೇಕು. ಹೊಸ ಸಾಮಗ್ರಿಯನ್ನು ನಗದಿಗೇ ಕೊಳ್ಳಬೇಕು. ಬಾಕಿಯ ಗಾತ್ರಕ್ಕೆ ತಕ್ಕಂತೆ ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಹಂಚಬೇಕು. ಊರು ಸಣ್ಣದು, ಗಟ್ಟಿ ದನಿಯವರಿಗೆ ಹೆಚ್ಚು ಕೊಟ್ಟ ಸುದ್ದಿ ಸಂಜೆಯೊಳಗೆ ಉಳಿದವರಿಗೆ ತಲುಪುತ್ತದೆ. ಅವರಲ್ಲಿ ಫೌಂಡ್ರಿಯಂಥ ಸಣ್ಣ ತಯಾರಕ ಘಟಕವೇನಾದರೂ ಇದ್ದರೆ 45 ದಿನದ ಕಾನೂನು ಈ ಘಟಕದ ಮೇಲೂ ಅನ್ವಯಿಸುತ್ತದೆ ಎಂಬುದನ್ನು ಮರೆಯಬಾರದು.

ಮುಂದಿನ ದಿನಾಂಕದ ಚೆಕ್ಕುಗಳನ್ನು ಕಟ್ಟಾಗಿ ಬರೆದುಕೊಡುವುದು ಈ ಹಂತದ ದೊಡ್ಡ ಅಪಾಯ. ಹಣವಿಲ್ಲದೆ ಚೆಕ್ ಮರಳಿದರೆ, ನೋಟಿಸು ತಲುಪಿದ 15 ದಿನದೊಳಗೆ ಹಣ ಕೊಡದಿದ್ದಲ್ಲಿ, ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೆಯ ಕಲಮಿನಡಿ ಕ್ರಿಮಿನಲ್ ಮೊಕದ್ದಮೆ ಹೂಡಬಹುದು. ಎರಡು ವರ್ಷದವರೆಗೆ ಸೆರೆವಾಸ, ಚೆಕ್ಕಿನ ಮೊತ್ತದ ಎರಡು ಪಟ್ಟಿನವರೆಗೆ ದಂಡ ವಿಧಿಸಬಹುದು. ಬಾಕಿಯಾಗಿದ್ದ ವ್ಯವಹಾರ ಒಂದೇ ಸಹಿಯಿಂದ ಮೊಕದ್ದಮೆಯಾಗುತ್ತದೆ. ಪ್ರತಿ ತಿಂಗಳ ನಿಗದಿತ ದಿನ ಬ್ಯಾಂಕ್ ವರ್ಗಾವಣೆ ಮಾಡಿ ರಸೀದಿ ಪಡೆಯುವುದೇ ಕ್ಷೇಮ.

7. ಮೈಲಿಗಲ್ಲುಗಳು ಮತ್ತು ನಿಲ್ಲಿಸಬೇಕಾದ ಗೆರೆ

- 60ನೆಯ ದಿನ (ಹಳೆಯ ಕಂತಿನಿಂದ): ಒಂದು ಕಂತು ಪೂರ್ಣ ಪಾವತಿ, ಬ್ಯಾಂಕಿಗೆ ಯೋಜನೆಯ ಅರ್ಜಿ, ಸ್ವೀಕೃತಿ ಸಹಿತ.
- ಎರಡನೆಯ ತಿಂಗಳ ಕೊನೆ: ಲೇತ್ ಮಾರಾಟ, ಬ್ಯಾಂಕಿನ ಬಾಕಿ ಶೂನ್ಯ, ಗಳಿಕೆ 90,000.
- ಮೂರನೆಯ ತಿಂಗಳ ಕೊನೆ: ಕೈಗಡ ಶೂನ್ಯ, ಮುಖ್ಯ ಖರೀದಿದಾರರ ಸಾಮಗ್ರಿ ಅವರಿಂದಲೇ ಬರಲಾರಂಭ.
- ನಾಲ್ಕನೆಯ ತಿಂಗಳ ಕೊನೆ: 80 ಗಂಟೆಯ ಹೊಸ ಜಾಬ್ ವರ್ಕ್, ಸಾಮಗ್ರಿಯವರಿಗೆ ಮೊದಲ 30,000.
- ಹದಿನೆಂಟನೆಯ ತಿಂಗಳು: ಹಳೆಯ ಬಾಕಿ ಮುಕ್ತಾಯ.

ಇವುಗಳ ನಡುವೆ ಪ್ರತಿ ಶನಿವಾರ ನೋಡಬೇಕಾದ ಅಂಕಿ ಒಂದೇ. ಸ್ಥಿರ ಖರ್ಚು 2,31,000, ಬ್ಯಾಂಕಿಗೆ 56,000, ಮನೆಗೆ 22,000. ಒಟ್ಟು 3,09,000 ರೂಪಾಯಿ. ನೇರ ಖರ್ಚು ಕಳೆದು ತಿಂಗಳಿಗೆ ಇಷ್ಟು ಉಳಿದರೆ ಘಟಕವು ಹೊಸ ಸಾಲವಿಲ್ಲದೆ ನಿಂತಿದೆ ಎಂದರ್ಥ. ವಾರಕ್ಕೆ ಇದು ಸುಮಾರು 71,000 ರೂಪಾಯಿ. ಬದಲಾದ ಕೆಲಸದ ಹಂಚಿಕೆಯಲ್ಲಿ ತಿಂಗಳಿಗೆ ಸುಮಾರು 800 ಯಂತ್ರ-ಗಂಟೆ. ಎರಡು ವಾರ ಸತತವಾಗಿ ಇದಕ್ಕಿಂತ ಕೆಳಗೆ ಬಂದರೆ ಬ್ಯಾಂಕಿನ ನೋಟಿಸಿಗೆ ಕಾಯದೆ ಕಾರಣ ಹುಡುಕಬೇಕು: ಕೆಲಸ ಕಡಿಮೆಯೇ, ಯಂತ್ರ ನಿಂತಿತ್ತೇ, ತಿರಸ್ಕೃತ ಭಾಗಗಳು ಹೆಚ್ಚಿದವೇ ಎಂದು. ಮೂರಕ್ಕೂ ಪರಿಹಾರ ಬೇರೆ ಬೇರೆ.

ಆರನೆಯ ತಿಂಗಳ ಕೊನೆಗೂ 3,09,000ದ ಗೆರೆ ಮುಟ್ಟದಿದ್ದರೆ ಯೋಜನೆ ಫಲಿಸಿಲ್ಲವೆಂದು ಒಪ್ಪಬೇಕು. ಆ ಬಳಿಕ ತಂದ ಪ್ರತಿ ಕೈಗಡವೂ ಘಟಕದ ನಷ್ಟವನ್ನು ಮನೆಯ ಮೇಲೆ ಹಾಕುತ್ತದೆ. ಮನೆಯನ್ನು ಬ್ಯಾಂಕಿಗೆ ಅಡವಿಟ್ಟಿದ್ದು ಖಾತೆ ಎನ್‌ಪಿಎ ಆದರೆ, ಸರ್ಫೇಸಿ ಕಾಯಿದೆಯಡಿ 60 ದಿನದ ನೋಟಿಸಿನ ಬಳಿಕ ಸ್ವಾಧೀನದ ಕ್ರಮಕ್ಕೆ ಬ್ಯಾಂಕಿಗೆ ಅವಕಾಶವಿದೆ. ಆಸ್ತಿಯ ಭದ್ರತೆಯಿಲ್ಲದೆ ಸರ್ಕಾರದ ಖಾತರಿ ಯೋಜನೆಯಡಿ ಪಡೆದ ಸಾಲವಾದರೂ ಸಾಲಗಾರರ ಹೊಣೆ ತಪ್ಪುವುದಿಲ್ಲ. ಆ ಖಾತರಿ ಇರುವುದು ಬ್ಯಾಂಕಿಗೆ. ಯಂತ್ರಗಳು ಓಡುತ್ತಿರುವಾಗ, ಕೆಲಸಗಾರರು ಇರುವಾಗ ಘಟಕವನ್ನು ಮಾರಿದರೆ ಬರುವ ಬೆಲೆ, ಬೀಗ ಬಿದ್ದ ಶೆಡ್ಡಿಗೆ ಬರುವುದಿಲ್ಲ. ಬ್ಯಾಂಕಿನೊಂದಿಗೆ ಏಕಕಾಲಿಕ ತೀರುವಳಿಯ ಮಾತನ್ನೂ ಆ ಹೊತ್ತಿನಲ್ಲೇ ಆರಂಭಿಸಬೇಕು.

ಅಭ್ಯಾಸ

1. ತಮ್ಮ ಘಟಕದ ಕಳೆದ ಮೂರು ತಿಂಗಳ ಬಿಲ್ಲುಗಳನ್ನು ಕೆಲಸದ ಬಗೆಯಂತೆ ವಿಂಗಡಿಸಿ, ಪ್ರತಿಯೊಂದಕ್ಕೂ ಯಂತ್ರದ ಗಂಟೆಗೆ ಉಳಿಯುವ ಹಣವನ್ನು ಲೆಕ್ಕ ಹಾಕುವುದು.
2. ಬ್ಯಾಂಕಿನ ಅತ್ಯಂತ ಹಳೆಯ ಬಾಕಿಯ ದಿನಾಂಕವನ್ನು ಬರೆದು, ಅಲ್ಲಿಂದ 90ನೆಯ ದಿನ ಯಾವುದೆಂದು ಗುರುತಿಸುವುದು.
3. ಸ್ಥಿರ ಖರ್ಚು, ಬ್ಯಾಂಕಿನ ಪಾವತಿ ಮತ್ತು ಮನೆಖರ್ಚನ್ನು ಕೂಡಿ ತಮ್ಮ ಘಟಕದ ವಾರದ ಗೆರೆಯನ್ನು ಕಂಡುಕೊಳ್ಳುವುದು.
4. ಹಳೆಯ ಬಾಕಿಗೆ ತಿಂಗಳಿಗೆ ಎಷ್ಟು ಕೊಡಲು ಸಾಧ್ಯ ಎಂಬುದನ್ನು, ಯಾವ ಸಾಲದಾತರೊಂದಿಗೂ ಮಾತನಾಡುವ ಮುನ್ನ, ಬರೆದಿಡುವುದು.

ಈ ನಾಲ್ಕು ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ದಾವಣಗೆರೆಯ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಅಥವಾ ಜಿಲ್ಲಾ ಅಗ್ರಣಿ ಬ್ಯಾಂಕ್ ವ್ಯವಸ್ಥಾಪಕರ ಬಳಿಗೆ ಹೋಗುವ ಮಾಲೀಕರು, ಸಮಾಲೋಚನೆಯ ಮೊದಲ ಅರ್ಧ ಗಂಟೆಯನ್ನು ಸ್ಥಿತಿ ವಿವರಿಸುವುದರಲ್ಲಿ ಕಳೆಯದೆ ನೇರವಾಗಿ ಪರಿಹಾರದ ಮಾತಿಗೆ ತೊಡಗಬಹುದು.